ತೋಟದ ವರ್ಕ್‌ಶಾಪ್ ಖರ್ಚು ಯಾರ ಲೆಕ್ಕಕ್ಕೆ ಎಷ್ಟು? ಎರಡು ದರದಲ್ಲಿ ಹಂಚುವ ಬಗೆ

"ಈ ವರ್ಷ ಸ್ಪ್ರಿಂಕ್ಲರ್ ಸರಿಯಾಗಿ ಓಡಲೇ ಇಲ್ಲ. ಆದರೂ ವರ್ಕ್‌ಶಾಪ್ ಖರ್ಚು ನಮ್ಮ ಲೆಕ್ಕಕ್ಕೆ ಯಾಕೆ ಬಂತು?" "ಪಲ್ಪರ್‌ಗೆ ನಾವು ಎಂದಿನಷ್ಟೇ ಕೆಲಸ ಮಾಡಿಸಿದ್ದೇವೆ. ಖರ್ಚು ಮಾತ್ರ ಯಾಕೆ ಜಾಸ್ತಿಯಾಯಿತು?" ಕೊಡಗಿನ ತೋಟಗಳಲ್ಲಿ ಲೆಕ್ಕ ಬರೆಯುವವರು ಈ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಎರಡೂ ಪ್ರಶ್ನೆ ಹುಟ್ಟುವುದು ಒಂದೇ ಕಡೆ. ವರ್ಕ್‌ಶಾಪಿನ ವರ್ಷದ ಖರ್ಚನ್ನು ಒಂದೇ ಮೊತ್ತ ಮಾಡಿ, ಒಂದೇ ಗಂಟೆ ದರದಲ್ಲಿ ಹಂಚಿದರೆ ಈ ಜಗಳ ತಪ್ಪುವುದಿಲ್ಲ.

ಖರ್ಚನ್ನು ಎರಡು ಭಾಗ ಮಾಡಿ, ಎರಡು ಬೇರೆ ಅಳತೆಯಲ್ಲಿ ಹಂಚುವುದು ಇದಕ್ಕೆ ದಾರಿ. ಕೆಲಸ ಇದ್ದರೂ ಇಲ್ಲದಿದ್ದರೂ ಆಗುವ ಖರ್ಚು ಸ್ಥಿರ ವೆಚ್ಚ. ಅದನ್ನು ಪ್ರತಿ ವಿಭಾಗ ತನಗೆಂದು ಕಾಯ್ದಿಟ್ಟುಕೊಂಡ ಸಾಮರ್ಥ್ಯದ ಮೇಲೆ ಹಂಚಬೇಕು. ಕೆಲಸ ಮಾಡಿದಷ್ಟೇ ಆಗುವ ಖರ್ಚು ಬದಲಾಗುವ ವೆಚ್ಚ. ಅದನ್ನು ನಿಜವಾಗಿ ಬಳಸಿದ ಗಂಟೆಗಳ ಮೇಲೆ ಹಾಕಬೇಕು. ನಿಮ್ಮ ಕರೆಂಟ್ ಬಿಲ್ ಇರುವುದೂ ಹೀಗೆಯೇ ಅಲ್ವಾ? ಮಂಜೂರಾದ ಲೋಡಿಗೆ ಒಂದು ನಿಗದಿತ ಶುಲ್ಕ, ಉರಿಸಿದ ಯೂನಿಟ್‌ಗೆ ಇನ್ನೊಂದು.

ಒಂದು ಮಾದರಿ ತೋಟವನ್ನು ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡೋಣ. ಅಂಕಿಗಳು ವಿವರಣೆಗೆಂದು ಇಟ್ಟವು, ನಿಮ್ಮದನ್ನು ನೀವು ಹಾಕಿಕೊಳ್ಳಿ. ಈ ತೋಟದ ವರ್ಕ್‌ಶಾಪಿನಲ್ಲಿ ಇಬ್ಬರು ಮೆಕ್ಯಾನಿಕ್, ಒಬ್ಬ ಎಲೆಕ್ಟ್ರಿಷಿಯನ್ ಇದ್ದಾರೆ. ಇವರು ಮೂರು ವಿಭಾಗಗಳಿಗೆ ಕೆಲಸ ಮಾಡುತ್ತಾರೆ: ಪಲ್ಪರ್ ಹೌಸ್, ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗಳು ಮತ್ತು ಹಲ್ಲರ್, ಗ್ರೇಡರ್ ಇರುವ ಕ್ಯೂರಿಂಗ್ ಘಟಕ.

ಮೊದಲು ಕೈಯಲ್ಲಿ ಇರಬೇಕಾದದ್ದು

ಹಿಂದಿನ ಹನ್ನೆರಡು ತಿಂಗಳ ವರ್ಕ್‌ಶಾಪ್ ಖರ್ಚಿನ ಲೆಡ್ಜರ್ ಬೇಕು. ಅದೇ ತಿಂಗಳುಗಳಲ್ಲಿ ಎಷ್ಟು ಗಂಟೆ ಕೆಲಸ ನಡೆಯಿತು ಎಂಬ ದಾಖಲೆ ಬೇಕು. ಮುಂದಿನ ವರ್ಷದ ಬಜೆಟ್ ಬೇಕು. ಗಂಟೆಗಳ ದಾಖಲೆ ಇಲ್ಲ ಎಂದಾದರೆ ಇವತ್ತಿನಿಂದಲೇ ಜಾಬ್ ಕಾರ್ಡ್ ಶುರು ಮಾಡಿ. ಯಾವ ವಿಭಾಗ, ಯಾವ ಯಂತ್ರ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ಆ ವಿಭಾಗದ ರೈಟರ ಸಹಿ. ಇಷ್ಟು ಸಾಕು. ಸಹಿ ಇಲ್ಲದ ಕಾರ್ಡ್‌ಗೆ ವರ್ಷದ ಕೊನೆಗೆ ಯಾರೂ ಬೆಲೆ ಕೊಡುವುದಿಲ್ಲ.

ಹಂತ 1: ನೇರ ಖರ್ಚನ್ನು ಹೊರಗೆ ತೆಗೆಯಿರಿ

ಹಲ್ಲರ್‌ಗೆ ಹೊಸ ಬೇರಿಂಗ್ ಹಾಕಿದರೆ ಆ ಬೇರಿಂಗ್ ಹಣ ಕ್ಯೂರಿಂಗ್ ಘಟಕದ್ದು. ಪಂಪ್‌ಸೆಟ್‌ಗೆ ಬೆಲ್ಟ್ ತಂದರೆ ಅದು ಸ್ಪ್ರಿಂಕ್ಲರ್ ಖರ್ಚು. ಯಾವ ವಿಭಾಗಕ್ಕೆ ಎಂದು ಖಚಿತವಾಗಿ ಗೊತ್ತಿರುವ ಬಿಡಿಭಾಗವನ್ನು ಹಂಚುವ ಲೆಕ್ಕಕ್ಕೆ ಸೇರಿಸಲೇಬೇಡಿ, ನೇರವಾಗಿ ಆ ವಿಭಾಗಕ್ಕೆ ಬರೆಯಿರಿ. ಗ್ರೀಸ್, ವೆಲ್ಡಿಂಗ್ ರಾಡ್, ಕಾಟನ್ ವೇಸ್ಟ್, ನಟ್ಟು ಬೋಲ್ಟಿನಂಥ ಸಣ್ಣ ಸಾಮಾನು ಮಾತ್ರ ಹಂಚಿಕೆಗೆ ಉಳಿಯಲಿ. ದೊಡ್ಡ ಬಿಡಿಭಾಗಗಳನ್ನೂ ಹಂಚಿಕೆಯ ಮೊತ್ತದಲ್ಲಿ ಬಿಟ್ಟರೆ ಗಂಟೆ ದರ ಸುಮ್ನೆ ಏರುತ್ತದೆ. ಒಬ್ಬರ ಮೋಟಾರು ಸುಟ್ಟರೆ ಎಲ್ಲರೂ ದುಡ್ಡು ಕೊಟ್ಟಂತಾಗುತ್ತದೆ.

ಹಂತ 2: ಸ್ಥಿರ ಎಷ್ಟು, ಬದಲಾಗುವುದು ಎಷ್ಟು

ಲೆಡ್ಜರ್‌ನ ಒಂದೊಂದು ಖಾತೆಯನ್ನೂ ನೋಡಿ ಒಂದೇ ಪ್ರಶ್ನೆ ಕೇಳಿ: ನಾಳೆ ಒಂದು ಗಂಟೆ ಕೆಲಸ ಹೆಚ್ಚಾದರೆ ಈ ಖರ್ಚು ಹೆಚ್ಚುತ್ತದೆಯೇ? ತಿಂಗಳ ಸಂಬಳ, ಶೆಡ್ ಮತ್ತು ಲೇಥಿನ ಸವಕಳಿ, ವಿಮೆ, ಇವು ಹೆಚ್ಚುವುದಿಲ್ಲ. ಗ್ರೀಸ್, ರಾಡ್, ವೆಲ್ಡಿಂಗ್ ಕರೆಂಟು, ಜೀಪಿನ ಡೀಸೆಲ್ ಹೆಚ್ಚುತ್ತವೆ.

ಹೀಗೆ ವಿಂಗಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಕೆಲಸ ನಡೆದ ಎರಡು ತಿಂಗಳು ಆರಿಸಿ. ನಮ್ಮ ಮಾದರಿ ತೋಟದಲ್ಲಿ ಮಾರ್ಚ್‌ನಲ್ಲಿ 480 ಗಂಟೆ ಕೆಲಸ, ಖರ್ಚು 1,68,200 ರೂಪಾಯಿ. ಜೋರು ಮಳೆಯ ಜುಲೈನಲ್ಲಿ 180 ಗಂಟೆ, ಖರ್ಚು 1,41,200 ರೂಪಾಯಿ. ಗಂಟೆಯ ವ್ಯತ್ಯಾಸ 300, ಹಣದ ವ್ಯತ್ಯಾಸ 27,000. ಭಾಗಿಸಿದರೆ ಗಂಟೆಗೆ 90 ರೂಪಾಯಿ. ಇದು ಬದಲಾಗುವ ದರ. ಜುಲೈನ 180 ಗಂಟೆಗೆ ಇದು 16,200 ಆಗುತ್ತದೆ. ಅದನ್ನು ಕಳೆದರೆ ಉಳಿಯುವ 1,25,000 ತಿಂಗಳ ಸ್ಥಿರ ವೆಚ್ಚ. ವರ್ಷಕ್ಕೆ 15,00,000.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಈ ಪರೀಕ್ಷೆ ಎರಡೇ ತಿಂಗಳನ್ನು ನೋಡುತ್ತದೆ. ವರ್ಷದ ವಿಮೆಯನ್ನು ಮಾರ್ಚ್‌ನಲ್ಲಿ ಒಟ್ಟಿಗೆ ಕಟ್ಟಿ, ಅದನ್ನು ಆ ತಿಂಗಳಿಗೇ ಬರೆದಿದ್ದರೆ ಮಾರ್ಚ್ ಖರ್ಚು ಉಬ್ಬಿರುತ್ತದೆ, ಬದಲಾಗುವ ದರವೂ ಸುಳ್ಳಾಗಿ ಏರುತ್ತದೆ. ಮಳೆಗಾಲದಲ್ಲಿ ಶೆಡ್ಡಿನ ಶೀಟು ಹಾರಿ ರಿಪೇರಿ ಮಾಡಿಸಿದ್ದರೆ ಜುಲೈ ಖರ್ಚು ಉಬ್ಬಿ ದರ ಇಳಿಯುತ್ತದೆ. ಇಂಥ ಬಿಲ್ಲುಗಳನ್ನು ಹನ್ನೆರಡು ತಿಂಗಳಿಗೆ ಹರಡಿ, ಇಲ್ಲವೇ ಪಕ್ಕಕ್ಕಿಟ್ಟು ಆಮೇಲೆ ಲೆಕ್ಕ ಹಾಕಿ. ಖಾತೆವಾರು ವಿಂಗಡಣೆಯ ಉತ್ತರಕ್ಕೂ ಈ ಪರೀಕ್ಷೆಯ ಉತ್ತರಕ್ಕೂ ದೊಡ್ಡ ಅಂತರ ಬಂದರೆ ಯಾವುದೋ ಖಾತೆ ತಪ್ಪು ಗುಂಪಿಗೆ ಹೋಗಿದೆ ಎಂದೇ ಅರ್ಥ.

ಹಂತ 3: ವರ್ಕ್‌ಶಾಪಿನ ಸಾಮರ್ಥ್ಯ ಅಳೆಯಿರಿ

ಭಾನುವಾರಗಳು, ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಮತ್ತು ಉಳಿದ ಹಬ್ಬದ ರಜೆಗಳನ್ನು ಕಳೆದು ವರ್ಷಕ್ಕೆ 300 ದಿನ ಎನ್ನೋಣ. ಮೂವರು, ದಿನಕ್ಕೆ 8 ಗಂಟೆ. ಒಟ್ಟು 7,200 ಗಂಟೆ. ಆದರೆ ಇಷ್ಟೂ ಗಂಟೆ ಕೆಲಸಕ್ಕೆ ಸಿಗುವುದಿಲ್ಲ. ಅವರ ಸ್ವಂತ ರಜೆ, ವರ್ಕ್‌ಶಾಪಿನದೇ ಯಂತ್ರಗಳ ಸರ್ವಿಸ್, ಮಳೆಗಾಲದಲ್ಲಿ ಕರೆಂಟು ಹೋಗಿ ಕೈಕಟ್ಟಿ ಕೂರುವ ಹೊತ್ತು, ಇವನ್ನೆಲ್ಲ 1,200 ಗಂಟೆ ಎಂದು ಕಳೆದರೆ 6,000 ಉಳಿಯುತ್ತದೆ. ಇದು ನಿಜವಾಗಿ ಒದಗಿಸಬಹುದಾದ ಸಾಮರ್ಥ್ಯ.

ಸ್ಥಿರ ವೆಚ್ಚ 15,00,000 ಭಾಗಿಸು 6,000. ಗಂಟೆಗೆ 250 ರೂಪಾಯಿ.

ಭಾಗಿಸುವ ಸಂಖ್ಯೆ 6,000 ಆಗಿಯೇ ಇರಬೇಕು. ಹೋದ ವರ್ಷ ನಡೆದ ಗಂಟೆಗಳನ್ನು ಇಲ್ಲಿ ಹಾಕಬೇಡಿ. ಕೆಲಸ ಕಡಿಮೆಯಾದ ವರ್ಷ ದರ ಏರುತ್ತದೆ, ದರ ಏರಿದ್ದಕ್ಕೆ ಜನ ಕೆಲಸ ಕಡಿಮೆ ಕೊಡುತ್ತಾರೆ, ದರ ಮತ್ತೆ ಏರುತ್ತದೆ.

ಹಂತ 4: ಯಾರಿಗೆ ಎಷ್ಟು ಗಂಟೆ ಕಾಯ್ದಿಡಬೇಕು

ಇದು ಇಡೀ ವಿಧಾನದ ಕಷ್ಟದ ಭಾಗ. ಇಲ್ಲಿ ಸಮಯ ಕೊಡಿ.

ವರ್ಷ ಶುರುವಾಗುವ ಮುಂಚೆ, ಅಂದರೆ ಮಾರ್ಚ್ ಒಳಗೆ, ಪ್ರತಿ ವಿಭಾಗದ ಮುಖ್ಯಸ್ಥರನ್ನು ಕೂರಿಸಿ ಕೇಳಿ: ಸಾಮಾನ್ಯ ವರ್ಷದಲ್ಲಿ ನಿಮಗೆ ಎಷ್ಟು ಗಂಟೆ ಬೇಕು? ಹೋದ ವರ್ಷ ಎಷ್ಟಾಯಿತು ಎಂದು ಕೇಳಬೇಡಿ. ಹೋದ ವರ್ಷ ಹೂಮಳೆ ಸಕಾಲಕ್ಕೆ ಬಂದಿದ್ದರೆ ಸ್ಪ್ರಿಂಕ್ಲರ್‌ನವರಿಗೆ ಕೆಲಸವೇ ಇದ್ದಿರುವುದಿಲ್ಲ. ಆದರೆ ಮೆಕ್ಯಾನಿಕ್‌ನನ್ನು ಇಟ್ಟುಕೊಂಡದ್ದೇ ಹೂಮಳೆ ಕೈಕೊಟ್ಟರೆ ಪಂಪ್ ನಿಲ್ಲಬಾರದು ಎಂದು. ಆ ಭರವಸೆಗೆ ಆಗುವ ಖರ್ಚೇ ಸ್ಥಿರ ವೆಚ್ಚ.

ನಮ್ಮ ತೋಟದಲ್ಲಿ ಒಪ್ಪಂದ ಹೀಗಾಯಿತು ಎನ್ನೋಣ:

| ವಿಭಾಗ | ಕಾಯ್ದಿಟ್ಟ ಗಂಟೆ | ವರ್ಷದ ಸ್ಥಿರ ಪಾಲು (ರೂ.) | ತಿಂಗಳಿಗೆ (ರೂ.) |
|---|---|---|---|
| ಪಲ್ಪರ್ ಹೌಸ್ | 1,800 | 4,50,000 | 37,500 |
| ಸ್ಪ್ರಿಂಕ್ಲರ್ | 1,200 | 3,00,000 | 25,000 |
| ಕ್ಯೂರಿಂಗ್ | 3,000 | 7,50,000 | 62,500 |
| ಒಟ್ಟು | 6,000 | 15,00,000 | 1,25,000 |

ಈ ಪಾಲು ವರ್ಷವಿಡೀ ಬದಲಾಗುವುದಿಲ್ಲ. ಯಾರು ಎಷ್ಟು ಬಳಸಿದರೂ ಅಷ್ಟೇ.

ಈಗ ಎಚ್ಚರಿಕೆ. ಸ್ಥಿರ ಪಾಲು ಕೇಳಿದ ಗಂಟೆಯ ಮೇಲೆ ಬರುತ್ತದೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಕಡಿಮೆ ಕೇಳುತ್ತಾರೆ. ಸ್ಪ್ರಿಂಕ್ಲರ್‌ನವರು "ನಮಗೆ 700 ಸಾಕು" ಎನ್ನುತ್ತಾರೆ. ಆಗ ಕಾಯ್ದಿಟ್ಟದ್ದು ಒಟ್ಟು 5,500. ಬಾಕಿ 500 ಗಂಟೆಯ 1,25,000 ರೂಪಾಯಿ ಏನಾಗಬೇಕು? 15 ಲಕ್ಷವನ್ನು 5,500ಕ್ಕೆ ಭಾಗಿಸಿ ದರವನ್ನು ಸುಮಾರು 273ಕ್ಕೆ ಏರಿಸುವುದು ತಪ್ಪು. ಸತ್ಯ ಹೇಳಿದ ಎರಡು ವಿಭಾಗಗಳು ಮೂರನೆಯವರ ಪಾಲನ್ನೂ ಹೊರುತ್ತವೆ. ದರ 250 ಆಗಿಯೇ ಇರಲಿ. ಉಳಿದ 1,25,000 ರೂಪಾಯಿಯನ್ನು "ಬಳಕೆಯಾಗದ ಸಾಮರ್ಥ್ಯ" ಎಂಬ ಬೇರೆ ಖಾತೆಗೆ ಬರೆದು ಸಾಹುಕಾರರ ಮುಂದೆ ಇಡಿ. ಮೂವರು ಬೇಕೇ, ಒಬ್ಬರನ್ನು ಬೇರೆ ಕೆಲಸಕ್ಕೆ ಹಾಕಬಹುದೇ ಎಂದು ಅವರೇ ತೀರ್ಮಾನಿಸಬೇಕಾದ ವಿಷಯ ಅದು.

ಕಡಿಮೆ ಕೇಳುವವರಿಗೆ ಒಂದು ನಿಯಮವೂ ಇರಲಿ. ಎರಡು ವಿಭಾಗಗಳಿಗೆ ಒಟ್ಟಿಗೆ ಕೆಲಸ ಬಿದ್ದಾಗ ಕಾಯ್ದಿಟ್ಟ ಗಂಟೆ ಬಾಕಿ ಇರುವವರಿಗೆ ಮೊದಲ ಸರದಿ. ಮಿತಿ ದಾಟಿದವರು ಕಾಯಬೇಕು, ಮತ್ತು ದಾಟಿದ ಪ್ರತಿ ಗಂಟೆಗೆ 90ರ ಬದಲು 250 ಸೇರಿಸಿ 340 ಕೊಡಬೇಕು. ಮಾರ್ಚ್‌ನಲ್ಲಿ ಹೂ ಬಿಡಿಸಲು ನೀರು ಹಾಯಿಸುವ ಹೊತ್ತಿಗೆ ಪಂಪ್ ಕೆಟ್ಟು, ಮೆಕ್ಯಾನಿಕ್ ಹಲ್ಲರ್ ಬಿಚ್ಚಿಕೊಂಡು ಕೂತಿದ್ದರೆ ಏನಾಗುತ್ತದೆ ಎಂದು ಸ್ಪ್ರಿಂಕ್ಲರ್‌ನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ನಿಯಮ ಗೊತ್ತಾದರೆ ಅವರೇ ಸರಿಯಾದ ಗಂಟೆ ಹೇಳುತ್ತಾರೆ.

ಕೊಡಗಿನ ತೋಟಕ್ಕೆ ಇನ್ನೊಂದು ಮಾತು ಸೇರಿಸಲೇಬೇಕು. ವರ್ಷದ ಗಂಟೆ ನೋಡಿದರೆ ಸೀಸನ್ ಕಾಣುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಅದರ ಹಿಂದೆಯೇ. ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಮತ್ತು ಕ್ಯೂರಿಂಗ್ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ವರ್ಷದ ಗಂಟೆಯ ಜೊತೆ, ಅತಿ ಹೆಚ್ಚು ಕೆಲಸವಿರುವ ತಿಂಗಳಿಗೆ ಎಷ್ಟು ಬೇಕು ಎಂದೂ ಬರೆಸಿಕೊಳ್ಳಿ. ಆ ಎರಡು ತಿಂಗಳಿಗೆಂದೇ ಒಬ್ಬರಿಗೋಸ್ಕರ ಹೆಚ್ಚುವರಿ ಎಲೆಕ್ಟ್ರಿಷಿಯನ್ ಇಟ್ಟುಕೊಂಡಿದ್ದರೆ ಅವನ ಸಂಬಳ ಎಲ್ಲರಿಗೂ ಹಂಚುವ ಮೊತ್ತಕ್ಕೆ ಸೇರಬಾರದು, ನೇರವಾಗಿ ಆ ವಿಭಾಗಕ್ಕೆ ಹೋಗಬೇಕು. ಸೀಸನ್ ಓವರ್‌ಟೈಮ್‌ಗೂ ಇದೇ ನ್ಯಾಯ: ಯಾರ ಜಾಬ್ ಕಾರ್ಡ್‌ನಿಂದ ಓವರ್‌ಟೈಮ್ ಆಯಿತೋ ಅವರಿಗೇ.

ಹಂತ 5: ಬಳಸಿದ ಗಂಟೆಗೆ ದರ ಹಾಕಿ

ಪ್ರತಿ ತಿಂಗಳ ಕೊನೆಗೆ ಜಾಬ್ ಕಾರ್ಡ್ ಕೂಡಿಸಿ, ಗಂಟೆಗೆ 90 ರೂಪಾಯಿಯಂತೆ ಬರೆಯಿರಿ. ಈ 90 ಬಜೆಟ್ ದರ. ತಿಂಗಳು ಮುಗಿದ ಮೇಲೆ ನಿಜ ಖರ್ಚು ನೋಡಿ ದರ ತಿದ್ದಬೇಡಿ. ಪಲ್ಪರ್ ಹೌಸಿನವರಿಗೆ ಕೆಲಸ ಕೊಡುವ ಮೊದಲೇ ಬೆಲೆ ಗೊತ್ತಿರಬೇಕು.

ದಿನನಿತ್ಯದ ಕೆಲಸಗಳಿಗೆ ಇಷ್ಟು ಗಂಟೆ ಎಂದು ಮೊದಲೇ ನಿಗದಿ ಮಾಡಿದರೆ ಇನ್ನೂ ಒಳ್ಳೆಯದು. ಸೀಸನ್‌ಗೆ ಮುಂಚೆ ಒಂದು ಪಲ್ಪರ್ ಸರ್ವಿಸ್ ಮಾಡಲು 6 ಗಂಟೆ ಎಂದು ಒಪ್ಪಿದ್ದೀರಿ, ಮೆಕ್ಯಾನಿಕ್ 9 ಗಂಟೆ ತೆಗೆದುಕೊಂಡ ಎನ್ನೋಣ. ವಿಭಾಗಕ್ಕೆ 6 ಗಂಟೆಯನ್ನೇ ಹಾಕಿ. ಉಳಿದ 3 ಗಂಟೆ ಯಾಕಾಯಿತು ಎಂದು ವರ್ಕ್‌ಶಾಪ್ ಹೇಳಲಿ. ದೂರದ ಡಿವಿಷನ್‌ಗೆ ಜೀಪಿನಲ್ಲಿ ಹೋಗಿಬರುವ ಹೊತ್ತನ್ನು ಸೇರಿಸಬೇಕೇ ಬೇಡವೇ ಎಂದೂ ಮೊದಲೇ ಬರೆದಿಡಿ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಎಲ್ಲರಿಗೂ ಒಂದೇ ಇರಲಿ.

ಹಂತ 6: ವರ್ಷದ ಕೊನೆಗೆ ನೋಡಿ

ಹೂಮಳೆ ಚೆನ್ನಾಗಿ ಬಂದ ಒಂದು ವರ್ಷ. ಸ್ಪ್ರಿಂಕ್ಲರ್ ಬರೀ 500 ಗಂಟೆ ಬಳಸಿತು. ಪಲ್ಪರ್ ಹೌಸ್ ಹೇಳಿದಂತೆ 1,800. ಕ್ಯೂರಿಂಗ್ 2,700. ಒಟ್ಟು 5,000.

| ವಿಭಾಗ | ಸ್ಥಿರ (ರೂ.) | ಗಂಟೆ × 90 (ರೂ.) | ಎರಡು ದರದಲ್ಲಿ ಒಟ್ಟು (ರೂ.) | ಒಂದೇ ದರದಲ್ಲಿ (ರೂ.) |
|---|---|---|---|---|
| ಪಲ್ಪರ್ ಹೌಸ್ | 4,50,000 | 1,62,000 | 6,12,000 | 7,02,000 |
| ಸ್ಪ್ರಿಂಕ್ಲರ್ | 3,00,000 | 45,000 | 3,45,000 | 1,95,000 |
| ಕ್ಯೂರಿಂಗ್ | 7,50,000 | 2,43,000 | 9,93,000 | 10,53,000 |
| ಒಟ್ಟು | 15,00,000 | 4,50,000 | 19,50,000 | 19,50,000 |

ಕೊನೆಯ ಕಾಲಂ ಹಳೆಯ ಪದ್ಧತಿ. 19,50,000 ರೂಪಾಯಿಯನ್ನು 5,000 ಗಂಟೆಗೆ ಭಾಗಿಸಿದರೆ ಗಂಟೆಗೆ 390. ಪಲ್ಪರ್ ಸಾಲು ನೋಡಿ. ಅವರು ವರ್ಷದ ಮೊದಲು ಹೇಳಿದಷ್ಟೇ ಬಳಸಿದ್ದಾರೆ. ಆದರೂ ಹಳೆಯ ಪದ್ಧತಿಯಲ್ಲಿ ಅವರ ಮೇಲೆ 90,000 ರೂಪಾಯಿ ಹೆಚ್ಚು ಬಿದ್ದಿದೆ. ಬೇರೆಯವರು ಕಡಿಮೆ ಬಳಸಿದ್ದು ಬಿಟ್ಟರೆ ಅದಕ್ಕೆ ಬೇರೆ ಕಾರಣವೇ ಇಲ್ಲ. ಎರಡು ದರದಲ್ಲಿ ಅವರು 6,12,000 ಕೊಡುತ್ತಾರೆ, ಬಜೆಟ್‌ನಲ್ಲಿ ಇದ್ದದ್ದೂ ಅಷ್ಟೇ. ಮೊದಲಿನ ಎರಡನೇ ಪ್ರಶ್ನೆಗೆ ಇದೇ ಉತ್ತರ. ಸ್ಪ್ರಿಂಕ್ಲರ್‌ನವರ ಪ್ರಶ್ನೆಗೆ ಉತ್ತರ 3,00,000ದ ಕಾಲಂನಲ್ಲಿದೆ: ಓಡದಿದ್ದರೂ ಅವರಿಗೆಂದು 1,200 ಗಂಟೆ ಕಾಯ್ದಿಟ್ಟಿತ್ತು.

ವರ್ಕ್‌ಶಾಪಿನ ನಿಜ ಖರ್ಚು ಬಜೆಟ್‌ಗೆ ಸರಿಯಾಗಿ ಬರುವುದು ಅಪರೂಪ. ನಿಜವಾಗಿ ಸ್ಥಿರ ವೆಚ್ಚ 15,60,000, ಬದಲಾಗುವ ವೆಚ್ಚ 4,85,000 ಆಯಿತು ಎಂದುಕೊಳ್ಳಿ. ವಿಭಾಗಗಳಿಗೆ ಹಾಕಿದ್ದು 15,00,000 ಮತ್ತು 4,50,000. ಉಳಿದ 60,000 ಮತ್ತು 35,000 ರೂಪಾಯಿಗಳು ವರ್ಕ್‌ಶಾಪ್ ಖಾತೆಯಲ್ಲೇ ನಿಲ್ಲಬೇಕು. ಗ್ರೀಸ್ ಬೆಲೆ ಏರಿತೇ, ರಾಡ್ ಪೋಲಾಯಿತೇ, ಸಂಬಳ ಏರಿಸಿದ್ದು ಬಜೆಟ್‌ನಲ್ಲಿ ಇರಲಿಲ್ಲವೇ, ಇವಕ್ಕೆ ಉತ್ತರ ವರ್ಕ್‌ಶಾಪ್ ನೋಡಿಕೊಳ್ಳುವವರಲ್ಲಿದೆ. ಕೊನೆಯ ದಿನ ಈ 95,000 ರೂಪಾಯಿಯನ್ನು ಸುಮ್ನೆ ವಿಭಾಗಗಳಿಗೆ ಹಂಚಿ ಖಾತೆ ಸೊನ್ನೆ ಮಾಡಿಬಿಟ್ಟರೆ ಅಲ್ಲಿವರೆಗೆ ಮಾಡಿದ್ದೆಲ್ಲ ವ್ಯರ್ಥ. ದಯವಿಟ್ಟು ಹಾಗೆ ಮಾಡಬೇಡಿ.

ಹೊರಗಿನ ಮೆಕ್ಯಾನಿಕ್ ಕರೆಯಬಹುದೇ?

ಒಂದೇ ದರದ ದೊಡ್ಡ ನಷ್ಟ ಇಲ್ಲಿ ಕಾಣುತ್ತದೆ. ಹೊರಗಿನ ಮೆಕ್ಯಾನಿಕ್ ಗಂಟೆಗೆ 300 ಕೇಳುತ್ತಾನೆ. ಕ್ಯೂರಿಂಗ್ ಮ್ಯಾನೇಜರ್ ತಮ್ಮ ವರ್ಕ್‌ಶಾಪಿನ 390 ನೋಡಿ 200 ಗಂಟೆಯ ಕೆಲಸ ಹೊರಗೆ ಕೊಡುತ್ತಾರೆ. ಅವರ ಲೆಕ್ಕದಲ್ಲಿ ಅದು ಉಳಿತಾಯ. ತೋಟಕ್ಕೆ? ಹೊರಗೆ ಗಂಟೆಗೆ 300 ಹೋಯಿತು, ಒಳಗೆ ಉಳಿದದ್ದು 90 ಮಾತ್ರ, ಸಂಬಳವಂತೂ ಕೊಡಲೇಬೇಕು. ಗಂಟೆಗೆ 210ರಂತೆ 42,000 ರೂಪಾಯಿ ನಷ್ಟ. ಮೇಲಾಗಿ ಉಳಿದ 4,800 ಗಂಟೆಯ ದರ 402 ರೂಪಾಯಿ 50 ಪೈಸೆಗೆ ಏರಿ, ಇನ್ನೊಬ್ಬರು ಹೊರಗೆ ಹೋಗಲು ಕಾರಣವಾಗುತ್ತದೆ. ಎರಡು ದರದಲ್ಲಿ ಅದೇ ಮ್ಯಾನೇಜರ್ ಕಣ್ಣಿಗೆ ಬೀಳುವುದು 300 ಮತ್ತು 90. ಕೆಲಸ ಒಳಗೇ ಉಳಿಯುತ್ತದೆ.

ಆದರೆ ಈ 90 ಈ ವರ್ಷದ ತೀರ್ಮಾನಕ್ಕೆ ಮಾತ್ರ ಸರಿ. ವರ್ಕ್‌ಶಾಪನ್ನೇ ಮುಚ್ಚಬೇಕೇ, ಒಂದು ಜಾಗ ಖಾಲಿಯಾದಾಗ ಮತ್ತೆ ಭರ್ತಿ ಮಾಡಬೇಕೇ ಎಂಬ ಪ್ರಶ್ನೆ ಬಂದಾಗ ಸ್ಥಿರ ಎಂದುಕೊಂಡ ಸಂಬಳವೂ ಉಳಿಸಬಹುದಾದ ಖರ್ಚಾಗುತ್ತದೆ. ಆಗ 340 ಮತ್ತು 300 ಹೋಲಿಸಿ ನೋಡಲೇಬೇಕು.

ಕಾಫಿಯ ವೆಚ್ಚಕ್ಕೆ ಸೇರಿಸುವಾಗ

ಪಲ್ಪರ್ ಹೌಸಿಗೆ ಜುಲೈನಲ್ಲೂ 37,500 ರೂಪಾಯಿ ಬರುತ್ತದೆ, ಆದರೆ ಆಗ ಒಂದು ಕಿಲೋ ಪಾರ್ಚ್‌ಮೆಂಟೂ ಆಗುವುದಿಲ್ಲ. ಗಾಬರಿ ಬೇಡ. ವರ್ಷದ 6,12,000 ರೂಪಾಯಿಯನ್ನು ಸೀಸನ್‌ನಲ್ಲಿ ಆದ ಪಾರ್ಚ್‌ಮೆಂಟಿನ ಮೇಲೆ ಹರಡಿ. ಮಾರ್ಚ್ 31 ನಮ್ಮಲ್ಲಿ ಸೀಸನ್ ನಡುವೆ ಬರುತ್ತದೆ, ಗೋಡೌನ್‌ನಲ್ಲಿ ಸರಕು ಇರುತ್ತದೆ. ಆ ಸ್ಟಾಕನ್ನು ವೆಚ್ಚದ ಮೇಲೆ ಬೆಲೆ ಕಟ್ಟುವುದಾದರೆ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಉತ್ಪಾದನೆಯ ಸ್ಥಿರ ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು. ಉತ್ಪಾದನೆ ಕಡಿಮೆಯಾಯಿತೆಂದು ಪ್ರತಿ ಕಿಲೋಗೆ ಹೆಚ್ಚು ಹೊರಿಸುವಂತಿಲ್ಲ. ಹಾಗಾಗಿ ಬಳಕೆಯಾಗದ ಸಾಮರ್ಥ್ಯದ ಖಾತೆಯನ್ನು ಬೇರೆಯಾಗಿ ಇಟ್ಟದ್ದನ್ನು ನಿಮ್ಮ ಆಡಿಟರ್‌ಗೆ ತೋರಿಸಿ.

ಗಂಟೆ ಬದಲಿಸಬೇಕೆಂದರೆ

ಹಳೆಯ ಪಂಪ್ ಮಾರಿ ಹೊಸದು ತಂದರೆ, ಒಂದು ಘಟಕ ನಿಂತರೆ ಕಾಯ್ದಿಟ್ಟ ಗಂಟೆ ಬದಲಾಗಬೇಕು. ಆದರೆ ಅದು ಮುಂದಿನ ಏಪ್ರಿಲ್‌ನಿಂದ. ವರ್ಷದ ನಡುವೆ ಒಂದು ವಿಭಾಗ ತನ್ನ 300 ಗಂಟೆ ಬೇಡ ಎಂದರೆ, ಇನ್ನೊಂದು ವಿಭಾಗ ಅದನ್ನು ಬರಹದಲ್ಲಿ ತೆಗೆದುಕೊಳ್ಳಲು ಒಪ್ಪಿದಾಗ ಮಾತ್ರ 75,000 ರೂಪಾಯಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲಿ. ತಿಂಗಳು ಕಳೆದಿದ್ದರೆ ಉಳಿದ ತಿಂಗಳುಗಳಿಗೆ ಎಷ್ಟೋ ಅಷ್ಟು. ತೆಗೆದುಕೊಳ್ಳುವವರು ಯಾರೂ ಇಲ್ಲದಿದ್ದರೆ ಮಾರ್ಚ್‌ವರೆಗೆ ಆ ಪಾಲು ಕೇಳಿದವರದ್ದೇ.